ಎದೆ ಒತ್ತಿದಾಗ ನೋವಾದರೆ ಅದು ಹೃದಯದ್ದಲ್ಲ ಎನ್ನುವ ಮಾತು ಎಷ್ಟು ನಿಜ?

ಮೊಬೈಲಿನಲ್ಲಿ ಆಗಾಗ ಸುತ್ತುವ ಒಂದು ಸಲಹೆ ಇದೆ. ಎದೆ ನೋಯುತ್ತಿದ್ದರೆ ಆ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, ಒತ್ತಿದಾಗ ನೋವು ಜಾಸ್ತಿಯಾದರೆ ಅದು ಮೂಳೆಯದ್ದು ಅಥವಾ ಸ್ನಾಯುವಿನದ್ದು, ಹೃದಯದ್ದಲ್ಲ, ನಿಶ್ಚಿಂತೆಯಾಗಿ ಮಲಗಿ ಎನ್ನುತ್ತದೆ ಅದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ: ಎಡಗಡೆ ಎದೆ ಚುಚ್ಚಿದರೆ ಅದು ಹೃದಯಾಘಾತದ ಮುನ್ಸೂಚನೆ, ಒಂದು ಕ್ಷಣವೂ ತಡಮಾಡಬೇಡಿ ಎಂದು. ಎರಡನ್ನೂ ಓದಿದ ಇಪ್ಪತ್ತೈದರ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂದರೆ ಅವನು ಯಾವುದನ್ನು ನಂಬಬೇಕು?

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಈ ಗೊಂದಲ ಇನ್ನೂ ಹೆಚ್ಚಾಯಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಎದೆ ನೋವನ್ನು ಕಡೆಗಣಿಸಿದರೂ ಕಷ್ಟ, ಪ್ರತಿ ಚುಚ್ಚಿಗೂ ಹೆದರಿದರೂ ಕಷ್ಟ. ಹಾಗಾಗಿ ಈ ಲೇಖನದಲ್ಲಿ ನಾವು ಒಂದೇ ಒಂದು ವಿಷಯವನ್ನು ಬಿಡಿಸಿ ನೋಡೋಣ. ಎದೆಯನ್ನು ಒತ್ತಿದಾಗ ನೋವಾದರೆ ಅದರ ಅರ್ಥವೇನು, ಅದು ನಮಗೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ?

ಮೊದಲು ಎದೆಗೂಡಿನ ರಚನೆ

ನಮ್ಮ ಎದೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಚಪ್ಪಟೆ ಮೂಳೆ ಇದೆ. ಅದನ್ನು ಎದೆಮೂಳೆ ಎನ್ನೋಣ. ಎರಡೂ ಕಡೆಯಿಂದ 12 ಜೊತೆ ಪಕ್ಕೆಲುಬುಗಳು ಬೆನ್ನಿನಿಂದ ಹೊರಟು ಮುಂದಕ್ಕೆ ಬಾಗಿ ಬರುತ್ತವೆ. ಆದರೆ ಪಕ್ಕೆಲುಬಿನ ಮೂಳೆ ನೇರವಾಗಿ ಎದೆಮೂಳೆಗೆ ಅಂಟಿಕೊಂಡಿಲ್ಲ. ಮುಂಭಾಗದಲ್ಲಿ ಮೂಳೆ ಮುಗಿದು ಮೆದುಮೂಳೆ ಶುರುವಾಗುತ್ತದೆ. ಮೂಗಿನ ತುದಿ, ಕಿವಿಯ ಹಾಲೆಯ ಮೇಲ್ಭಾಗ ಇವೆಯಲ್ಲ, ಅಂಥದ್ದೇ ಬಾಗುವ ವಸ್ತು. ಮೇಲಿನ ಏಳು ಜೊತೆಗಳ ಮೆದುಮೂಳೆ ನೇರವಾಗಿ ಎದೆಮೂಳೆಯನ್ನು ಸೇರುತ್ತದೆ.

ಹಾಗಾಗಿ ಈ ಏಳು ಜೊತೆಗಳ ಪ್ರತಿ ಪಕ್ಕೆಲುಬಿಗೂ ಮುಂದೆ ಎರಡು ಕೂಡುವ ಜಾಗಗಳಿವೆ. ಒಂದು, ಮೂಳೆ ಮತ್ತು ಮೆದುಮೂಳೆ ಸೇರುವ ಕಡೆ. ಇನ್ನೊಂದು, ಮೆದುಮೂಳೆ ಎದೆಮೂಳೆಗೆ ಸೇರುವ ಕಡೆ, ಅಂದರೆ ಎದೆಮೂಳೆಯ ಅಂಚಿನಲ್ಲೇ. ನಾವು ಉಸಿರೆಳೆದಾಗಲೆಲ್ಲ ಎದೆಗೂಡು ಅಗಲವಾಗುತ್ತದೆ, ಆಗ ಈ ಕೂಡುಗಳು ಸ್ವಲ್ಪ ಬಾಗುತ್ತವೆ. ನಿಮಿಷಕ್ಕೆ 15 ಉಸಿರು ಎಂದು ಲೆಕ್ಕ ಹಾಕಿದರೆ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಸಲ. ಮೊಣಕೈ ನೋವು ಬಂದರೆ ಕೈಗೆ ವಿಶ್ರಾಂತಿ ಕೊಡಬಹುದು. ಈ ಕೂಡುಗಳಿಗೆ ಪೂರ್ತಿ ವಿಶ್ರಾಂತಿ ಕೊಡುವ ದಾರಿಯೇ ಇಲ್ಲ.

ಈ ಕೂಡುಗಳಲ್ಲಿ ನೋವು ಕಾಣಿಸಿಕೊಳ್ಳುವ ತೊಂದರೆಗೆ ವೈದ್ಯರು ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡನೆಯದರಿಂದ ಐದನೆಯ ಪಕ್ಕೆಲುಬಿನವರೆಗಿನ ಕೂಡುಗಳು ನೋಯುತ್ತವೆ. ಹೆಚ್ಚಿನವರಲ್ಲಿ ಒಂದಕ್ಕಿಂತ ಹೆಚ್ಚು ಕೂಡುಗಳು ಒಟ್ಟಿಗೆ ನೋಯುತ್ತವೆ, ಅದೂ ಒಂದೇ ಬದಿಯಲ್ಲಿ. ಹೊರಗಿನಿಂದ ನೋಡಿದರೆ ಊತ ಇರುವುದಿಲ್ಲ. ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಊದಿಕೊಂಡಿದ್ದರೆ ಅದು ಟೀಟ್ಸೆ ಸಿಂಡ್ರೋಮ್ ಎಂಬ ಬೇರೆ, ಅಪರೂಪದ ತೊಂದರೆ. ಜರ್ಮನಿಯ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ಅದನ್ನು ವಿವರಿಸಿದ್ದರಿಂದ ಆ ಹೆಸರು.

ಕಾಸ್ಟೋಕಾಂಡ್ರೈಟಿಸ್ ಯಾಕೆ ಬರುತ್ತದೆ? ವಾರಗಟ್ಟಲೆ ಕಾಡಿದ ಕೆಮ್ಮು, ಅಭ್ಯಾಸವಿಲ್ಲದೆ ಎತ್ತಿದ ಭಾರ, ಜಿಮ್‌ನಲ್ಲಿ ಒಮ್ಮೆಲೇ ಹೆಚ್ಚಿಸಿದ ಪುಷ್‌ಅಪ್, ಎದೆಗೆ ಬಿದ್ದ ಪೆಟ್ಟು ಇಂಥ ಕಾರಣ ಎಷ್ಟೋ ಸಲ ಸಿಗುತ್ತದೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಪ್ರಾಣಾಪಾಯ ಇದರಿಂದ ಇಲ್ಲ.

ಹೃದಯದ ನೋವಿಗೆ ಬೆರಳು ಯಾಕೆ ಸಿಗುವುದಿಲ್ಲ?

ಎದೆ ನೋವಿನ ರೋಗಿಗೆ ವೈದ್ಯರು "ಎಲ್ಲಿ ನೋವು, ತೋರಿಸಿ" ಎಂದಾಗ ಕೆಲವರು ಒಂದು ಬೆರಳಿಟ್ಟು "ಇಲ್ಲೇ" ಎನ್ನುತ್ತಾರೆ. ಇನ್ನು ಕೆಲವರು ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು ಸವರುತ್ತಾರೆ. ಈ ವ್ಯತ್ಯಾಸಕ್ಕೆ ದೇಹದೊಳಗೆ ಕಾರಣವಿದೆ.

ಎದೆಗೂಡಿನ ಗೋಡೆಯ ನೋವನ್ನು ಹೊರುವ ನರಗಳು ಪ್ರತಿ ಪಕ್ಕೆಲುಬಿನ ಕೆಳಗೆ ಒಂದೊಂದರಂತೆ ಸಾಲಾಗಿ ಹೋಗುತ್ತವೆ. ಚರ್ಮದ ಮೇಲೆ ಸೊಳ್ಳೆ ಕಚ್ಚಿದ ಜಾಗ ಹೇಗೆ ಕರಾರುವಾಕ್ಕಾಗಿ ಗೊತ್ತಾಗುತ್ತದೋ ಹಾಗೆ ಪಕ್ಕೆಲುಬಿನ ಕೂಡಿನ ನೋವಿನ ಜಾಗವೂ ಸುಮಾರಾಗಿ ಸರಿಯಾಗಿಯೇ ಗೊತ್ತಾಗುತ್ತದೆ. ಹೃದಯದ ಕಥೆ ಬೇರೆ. ಹೃದಯದಿಂದ ಹೊರಟ ನೋವಿನ ನರಗಳು ಬೆನ್ನುಹುರಿಯ ಮೇಲ್ಭಾಗವನ್ನು ಸೇರುವ ಮಟ್ಟದಲ್ಲೇ ಎದೆಯ ಮತ್ತು ತೋಳಿನ ಒಳಬದಿಯ ನರಗಳೂ ಬಂದು ಸೇರುತ್ತವೆ. ಸುದ್ದಿ ಬಂದದ್ದು ಹೃದಯದಿಂದಲೋ ತೋಳಿನಿಂದಲೋ ಎಂದು ಮಿದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಹೃದಯದ ನೋವು ಒಂದು ಚುಕ್ಕೆಯಾಗಿ ಇರದೆ ಹರಡಿಕೊಂಡ ಭಾರವಾಗಿ, ಬಿಗಿತವಾಗಿ, ಉರಿಯಾಗಿ, ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಅನ್ನಿಸುತ್ತದೆ. ತೋಳು, ಭುಜ, ದವಡೆ, ಬೆನ್ನಿಗೆ ಹಬ್ಬುತ್ತದೆ.

ಇನ್ನೊಂದು ಮುಖ್ಯ ವ್ಯತ್ಯಾಸವೆಂದರೆ ನೋವನ್ನು ಹೆಚ್ಚಿಸುವುದು ಏನು ಎಂಬುದು. ಪಕ್ಕೆಲುಬಿನ ಕೂಡು ನೋಯುವುದು ಅದನ್ನು ಅಲುಗಾಡಿಸಿದಾಗ. ಮಗ್ಗುಲು ಬದಲಿಸಿದಾಗ, ಕೈ ಚಾಚಿ ಮೇಲಿನ ಅಟ್ಟದ ಡಬ್ಬಿ ತೆಗೆಯುವಾಗ, ಸೀನಿದಾಗ, ದೀರ್ಘವಾಗಿ ಉಸಿರೆಳೆದಾಗ ಚುಚ್ಚುತ್ತದೆ. ಹೃದಯ ನೋಯುವುದು ಅದಕ್ಕೆ ಬೇಕಾದಷ್ಟು ರಕ್ತ ಸಿಗದಿದ್ದಾಗ. ಮೆಟ್ಟಿಲು ಹತ್ತುವಾಗ ಅಥವಾ ಬಿರುಸಾಗಿ ನಡೆಯುವಾಗ ಬಂದು, ನಿಂತರೆ ಕೆಲವು ನಿಮಿಷಗಳಲ್ಲಿ ಇಳಿಯುವುದು ಅದರ ಸಾಮಾನ್ಯ ರೀತಿ. ರಕ್ತನಾಳ ಪೂರ್ತಿ ಕಟ್ಟಿಕೊಂಡು ಹೃದಯಾಘಾತವೇ ಆದರೆ ಸುಮ್ಮನೆ ಕೂತರೂ ನೋವು ಇಳಿಯುವುದಿಲ್ಲ. ಹೃದಯ ಎದೆಮೂಳೆಯ ಹಿಂದೆ ಇದೆ. ನಾವು ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ಅದರ ರಕ್ತದ ಹರಿವಿನಲ್ಲಿ ಏನೂ ಬದಲಾಗುವುದಿಲ್ಲ. ಆದ್ದರಿಂದ ಒತ್ತಿದಾಗ ನೋವು ಹೆಚ್ಚಾದರೆ ಅದು ಎದೆಗೂಡಿನ ಗೋಡೆಯ ಕಡೆಗೆ ಬೆರಳು ತೋರಿಸುತ್ತದೆ ಎನ್ನುವ ತರ್ಕ ಸರಿಯಾದದ್ದೇ. ಮೊಬೈಲಿನ ಸಲಹೆ ಹುಟ್ಟಿದ್ದು ಇಲ್ಲಿಂದ.

ವೈದ್ಯರು ಒತ್ತುವ ಕ್ರಮ

ಆದರೆ ವೈದ್ಯರು ಒತ್ತುವುದಕ್ಕೂ ನಾವು ಮನೆಯಲ್ಲಿ ಒತ್ತಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಅವರು ಮೊದಲು ಕತ್ತಿನ ಬುಡದಲ್ಲಿ ಎದೆಮೂಳೆಯ ಮೇಲಿನ ತಗ್ಗನ್ನು ಹುಡುಕಿ, ಅಲ್ಲಿಂದ ಸುಮಾರು 5 ಸೆಂಟಿಮೀಟರ್ ಕೆಳಗೆ ಜಾರುತ್ತಾರೆ. ಅಲ್ಲಿ ಅಡ್ಡಲಾಗಿ ಒಂದು ಸಣ್ಣ ದಿಣ್ಣೆ ಬೆರಳಿಗೆ ಸಿಗುತ್ತದೆ. ಅದರ ಎರಡೂ ಪಕ್ಕದಲ್ಲಿ ಸೇರುವುದು ಎರಡನೆಯ ಪಕ್ಕೆಲುಬು. ಅಲ್ಲಿಂದ ಎಣಿಸುತ್ತ ಒಂದೊಂದೇ ಕೂಡನ್ನು ಒಂದು ಬೆರಳಿನಿಂದ ಹದವಾಗಿ ಒತ್ತುತ್ತಾರೆ. ನೋವಿಲ್ಲದ ಬದಿಯನ್ನೂ ಅಷ್ಟೇ ಬಲದಿಂದ ಒತ್ತಿ ಹೋಲಿಸುತ್ತಾರೆ. ಜೋರಾಗಿ ಒತ್ತಿದರೆ ಯಾರ ಎದೆಮೂಳೆಯ ಅಂಚಾದರೂ ನೋಯುತ್ತದೆ ಎನ್ನುವುದು ಅವರಿಗೆ ಗೊತ್ತು.

ಒತ್ತಿದ ಮೇಲೆ ಅವರು ಕೇಳುವ ಪ್ರಶ್ನೆಯೇ ಇಡೀ ಪರೀಕ್ಷೆಯ ಜೀವಾಳ. "ನೋವಾಯ್ತಾ?" ಎಂದಷ್ಟೇ ಕೇಳಿದರೆ ಸಾಲದು. "ನೀವು ಯಾವ ನೋವಿಗೆ ಅಂತ ಬಂದಿರೋ ಅದೇ ನೋವಾ ಇದು, ಅಥವಾ ಇದು ಬೇರೆಯಾ?" ಎಂದು ಕೇಳಬೇಕು. "ಹೌದು ಡಾಕ್ಟ್ರೇ, ಇದೇ, ರಾತ್ರಿಯಿಂದ ಕಾಡ್ತಿರೋದು ಇದೇ" ಎನ್ನುವ ಉತ್ತರಕ್ಕೂ "ಒತ್ತಿದರೆ ನೋಯುತ್ತೆ, ಆದರೆ ಆ ನೋವು ಒಳಗೆಲ್ಲೋ ಇದೆ, ಇದಲ್ಲ" ಎನ್ನುವ ಉತ್ತರಕ್ಕೂ ಅಜಗಜಾಂತರ. ಮೊದಲನೆಯದು ಪಕ್ಕೆಲುಬಿನ ಪರವಾಗಿ ನಿಲ್ಲುವ ಸಾಕ್ಷಿ. ಎರಡನೆಯದು ಸಾಕ್ಷಿಯೇ ಅಲ್ಲ. ಮೊಬೈಲಿನ ಸಂದೇಶದಲ್ಲಿ ಈ ಪ್ರಶ್ನೆ ಬಿಟ್ಟುಹೋಗಿರುತ್ತದೆ.

ನೂರರಲ್ಲಿ ಆರು

ಹಾಗಾದರೆ ಸರಿಯಾಗಿ ಒತ್ತಿ, ಸರಿಯಾಗಿ ಕೇಳಿ, ಕಾಸ್ಟೋಕಾಂಡ್ರೈಟಿಸ್ ಎಂದು ಕಂಡರೆ ಹೃದಯವನ್ನು ಪಟ್ಟಿಯಿಂದ ತೆಗೆದುಹಾಕಬಹುದೇ? ಇದನ್ನು ಪರೀಕ್ಷಿಸಿದ ಒಂದು ಅಧ್ಯಯನ ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾಯಿತು. ಎದೆ ನೋವೆಂದು ತುರ್ತು ವಿಭಾಗಕ್ಕೆ ಬಂದ 122 ಜನರನ್ನು ಅಲ್ಲಿನ ವೈದ್ಯರು ಪರೀಕ್ಷಿಸಿದರು. ಸುಮಾರು 30 ಶೇಕಡಾ ಜನರಲ್ಲಿ ಒತ್ತಿದಾಗ ಪಕ್ಕೆಲುಬಿನ ಕೂಡುಗಳು ನೋಯುತ್ತಿದ್ದವು. ಉಳಿದವರಲ್ಲಿ ಹಾಗಿರಲಿಲ್ಲ. ಕೊನೆಗೆ ಯಾರಿಗೆ ನಿಜವಾಗಿ ಹೃದಯಾಘಾತ ಆಗಿತ್ತು ಎಂದು ನೋಡಿದಾಗ, ಒತ್ತಿದರೆ ನೋಯದ ಗುಂಪಿನಲ್ಲಿ 28 ಶೇಕಡಾ ಜನರಿಗೆ ಆಗಿತ್ತು. ಒತ್ತಿದರೆ ನೋಯುವ ಗುಂಪಿನಲ್ಲಿ 6 ಶೇಕಡಾ.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. 28ರಿಂದ 6ಕ್ಕೆ ಇಳಿದದ್ದು ದೊಡ್ಡ ಇಳಿಕೆ, ಹಾಗಾಗಿ ಒತ್ತಿ ನೋಡುವ ಪರೀಕ್ಷೆಗೆ ಬೆಲೆ ಇದೆ. ಆದರೆ 6 ಎನ್ನುವುದು ಸೊನ್ನೆಯಲ್ಲ. ಆ 6 ಜನ ಮೊಬೈಲಿನ ಸಲಹೆ ಕೇಳಿ ಮಲಗಿದ್ದರೆ?

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಈ ಸಂಖ್ಯೆ ತುರ್ತು ವಿಭಾಗಕ್ಕೆ ಬಂದ ಎಲ್ಲ ವಯಸ್ಸಿನವರದ್ದು. ಮೊದಲೇ ಅಪಾಯ ಕಡಿಮೆ ಇದ್ದ 22ರ ಹುಡುಗಿಗೆ ಒತ್ತಿದಾಗ ನೋವಾದರೆ ಉಳಿಯುವ ಅಪಾಯ ತುಂಬಾ ಚಿಕ್ಕದು. ಸಕ್ಕರೆ ಕಾಯಿಲೆ ಇದ್ದು ಬೀಡಿ ಸೇದುವ 45ರ ವ್ಯಕ್ತಿಗೆ ಅದೇ ಪರೀಕ್ಷೆ ಅದೇ ಫಲಿತಾಂಶ ಕೊಟ್ಟರೂ ಉಳಿಯುವ ಅಪಾಯ ಕಡೆಗಣಿಸುವಷ್ಟು ಚಿಕ್ಕದಲ್ಲ. ಬೆರಳು ಒತ್ತುವುದು ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತದೆ, ಅಳಿಸಿ ಹಾಕುವುದಿಲ್ಲ.

ಹೃದಯದ ತೊಂದರೆ ಇರುವವರಿಗೂ ಎದೆ ಒತ್ತಿದರೆ ನೋಯುವುದು ಯಾಕೆ? ಮೊದಲನೆಯದು, ಎರಡೂ ತೊಂದರೆ ಒಟ್ಟಿಗೆ ಇರಬಹುದು. ವರ್ಷಗಟ್ಟಲೆ ಸೇದಿ ಕೆಮ್ಮುವವನ ಪಕ್ಕೆಲುಬೂ ನೋಯುತ್ತದೆ, ಅವನ ಹೃದಯದ ರಕ್ತನಾಳವೂ ಕಟ್ಟಿರುತ್ತದೆ. ಎರಡನೆಯದು, ಒಳಗಿನ ಅಂಗದಿಂದ ನೋವಿನ ಸುದ್ದಿ ಒಂದೇ ಸಮನೆ ಬರುತ್ತಿದ್ದರೆ ಬೆನ್ನುಹುರಿಯ ಆ ಮಟ್ಟ ಸೂಕ್ಷ್ಮವಾಗುತ್ತದೆ, ಆಗ ಅದೇ ಮಟ್ಟಕ್ಕೆ ಸೇರಿದ ಚರ್ಮ ಮತ್ತು ಸ್ನಾಯು ಕೂಡ ಮುಟ್ಟಿದರೆ ನೋಯಲು ಶುರುವಾಗಬಹುದು.

ಒಂದು ಉದಾಹರಣೆ

ಒಬ್ಬ 27 ವರ್ಷದ ಯುವಕನನ್ನು ಕಲ್ಪಿಸಿಕೊಳ್ಳೋಣ. ಗೋದಾಮಿನಲ್ಲಿ ಪಾರ್ಸೆಲ್ ಎತ್ತಿ ಇಳಿಸುವ ಕೆಲಸ. ಹತ್ತು ದಿನದಿಂದ ನೆಗಡಿ, ಕೆಮ್ಮು ಇತ್ತು, ಈಗ ಬಹುಪಾಲು ಕಡಿಮೆಯಾಗಿದೆ. ಮೂರು ದಿನದಿಂದ ಎದೆಯ ಎಡಗಡೆ ಚುಚ್ಚುತ್ತಿದೆ. ರಾತ್ರಿ ಎಡ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕುಡಿದಿದ್ದಾನೆ, ಮಾತ್ರೆ ನುಂಗಿದ್ದಾನೆ, ಏನೂ ವ್ಯತ್ಯಾಸವಾಗಿಲ್ಲ. ಮನೆಯವರು ಹೆದರಿ ಕರೆತಂದಿದ್ದಾರೆ.

ವೈದ್ಯೆ ಮೊದಲು ಎದೆ ಮುಟ್ಟುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಮೆಟ್ಟಿಲು ಹತ್ತಿದರೆ ನೋವು ಜಾಸ್ತಿಯಾಗುತ್ತದಾ? ಇಲ್ಲ, ನಡೆಯುವಾಗ ಏನೂ ಇಲ್ಲ, ಪೆಟ್ಟಿಗೆ ಎತ್ತುವಾಗ ಮಾತ್ರ. ಬೆವರು, ಏದುಸಿರು, ತಲೆ ಸುತ್ತು? ಇಲ್ಲ. ತೋಳಿಗೋ ದವಡೆಗೋ ಹೋಗುತ್ತದಾ? ಇಲ್ಲ. ಸೇದುತ್ತೀಯಾ? ಇಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿತ್ತಾ? ಇಲ್ಲ. ನಾಡಿ, ರಕ್ತದೊತ್ತಡ, ರಕ್ತದ ಆಮ್ಲಜನಕದ ಮಟ್ಟ ಸರಿಯಾಗಿವೆ. ಎರಡೂ ಕಡೆ ಉಸಿರಿನ ಸದ್ದು ಸಮನಾಗಿದೆ. ಇಷ್ಟಾದ ಮೇಲೆ ಒತ್ತಿ ನೋಡುತ್ತಾರೆ. ಎಡಗಡೆ ಮೂರನೆಯ ಮತ್ತು ನಾಲ್ಕನೆಯ ಪಕ್ಕೆಲುಬಿನ ಕೂಡಿನಲ್ಲಿ ಬೆರಳಿಟ್ಟ ಕೂಡಲೇ ಅವನು ಹುಬ್ಬು ಗಂಟಿಕ್ಕಿ "ಮೇಡಂ, ಇದೇ" ಎನ್ನುತ್ತಾನೆ. ಬಲಗಡೆ ಅಷ್ಟೇ ಒತ್ತಿದರೆ ನೋವಿಲ್ಲ. ಊತವೂ ಇಲ್ಲ. ಎಡಗೈಯನ್ನು ಎದೆಯ ಅಡ್ಡಕ್ಕೆ ತಂದು ಎಳೆದು, ತಲೆಯನ್ನು ಎಡಕ್ಕೆ ತಿರುಗಿಸಲು ಹೇಳಿದರೆ ಅದೇ ನೋವು ಮತ್ತೆ ಬರುತ್ತದೆ.

ಈಗ ಚಿತ್ರ ಬಹುತೇಕ ಸ್ಪಷ್ಟ. ಆದರೂ ಅವರು ಒಂದು ಇಸಿಜಿ ತೆಗೆಸುತ್ತಾರೆ. ಇತ್ತೀಚೆಗೆ ನೆಗಡಿ, ಕೆಮ್ಮು ಆಗಿದ್ದವನ ಹೃದಯದ ಹೊರಪೊರೆಗೋ ಸ್ನಾಯುವಿಗೋ ಉರಿಯೂತ ಬಂದಿರುವ ಸಣ್ಣ ಸಾಧ್ಯತೆ ಇದೆ ಎಂಬುದು ಅವರ ತಲೆಯಲ್ಲಿದೆ. ಇಸಿಜಿ ಸರಿಯಾಗಿದೆ. ಕಾಸ್ಟೋಕಾಂಡ್ರೈಟಿಸ್ ಎಂದು ಹೇಳಿ ಮನೆಗೆ ಕಳುಹಿಸುತ್ತಾರೆ. ಏನಾದರೆ ವಾಪಸ್ ಬರಬೇಕು ಎಂದೂ ಹೇಳುತ್ತಾರೆ.

ಈಗ ಇದೇ ಕಥೆಯಲ್ಲಿ ಕೆಲವನ್ನು ಮಾತ್ರ ಬದಲಿಸೋಣ. ವಯಸ್ಸು 36, ದಿನಕ್ಕೆ ಒಂದು ಪ್ಯಾಕ್ ಸಿಗರೇಟು, ತಂದೆಗೆ 48ರಲ್ಲಿ ಹೃದಯಾಘಾತ ಆಗಿತ್ತು. ನೋವು ಶುರುವಾಗಿ ಒಂದು ಗಂಟೆಯಾಗಿದೆ, ಎದೆಯ ನಡುವೆ ಬಿಗಿತ, ಅಂಗಿ ಬೆವರಿನಿಂದ ಒದ್ದೆ. ಒತ್ತಿದರೆ ಎಡಗಡೆ ನೋಯುತ್ತದೆ, ಆದರೆ "ಇದೇನಾ?" ಎಂದರೆ "ಇದೂ ನೋಯುತ್ತೆ" ಎನ್ನುತ್ತಾನೆ. ಇಲ್ಲಿ ಬೆರಳಿನ ಪರೀಕ್ಷೆಗೆ ಬೆಲೆ ಕೊಡುವಂತಿಲ್ಲ. ಆಸ್ಪತ್ರೆಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಾಗಿ ಕಂಡರೂ ಅಲ್ಲಿಗೆ ಮುಗಿಯುವುದಿಲ್ಲ. ಹೃದಯದ ಸ್ನಾಯು ಹಾನಿಯಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನು ಏರಲು ಕೆಲವು ಗಂಟೆ ಬೇಕು. ಅದಕ್ಕೇ ಇಸಿಜಿಯನ್ನೂ ಟ್ರೋಪೋನಿನ್ ಪರೀಕ್ಷೆಯನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತಾರೆ. "ಇಸಿಜಿ ನಾರ್ಮಲ್ ಬಂತಲ್ಲ, ಇನ್ನೂ ಯಾಕೆ ಕೂರಿಸಿಕೊಂಡಿದ್ದಾರೆ, ದುಡ್ಡು ಮಾಡೋಕೆ" ಎಂದು ಮನೆಯವರು ಜಗಳ ತೆಗೆದು ಕರೆದುಕೊಂಡು ಹೋಗುವುದು ಈ ಹಂತದಲ್ಲೇ. ಆ ಕಾಯುವಿಕೆಗೆ ಕಾರಣವಿದೆ.

ಚಿಕ್ಕ ವಯಸ್ಸು ಎನ್ನುವ ಗುರಾಣಿ

"ಈ ವಯಸ್ಸಿಗೆ ಎಂಥ ಹಾರ್ಟ್ ಅಟ್ಯಾಕ್" ಎನ್ನುವ ಮಾತನ್ನೂ ಸ್ವಲ್ಪ ನೋಡೋಣ. ಇಪ್ಪತ್ತು, ಮೂವತ್ತರ ಹರೆಯದಲ್ಲಿ ಎದೆ ನೋವು ಬಂದವರಲ್ಲಿ ಬಹುಪಾಲು ಜನರಿಗೆ ಹೃದಯದ ತೊಂದರೆ ಇರುವುದಿಲ್ಲ ಎನ್ನುವುದು ನಿಜ. ಆದರೆ ನಮ್ಮ ಭಾಗದ ಜನರಿಗೆ ಹೃದಯಾಘಾತ ಬೇಗ ಬರುತ್ತದೆ ಎನ್ನುವುದೂ ನಿಜ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಗಳನ್ನು ವಿಶ್ಲೇಷಿಸಿ 2007ರಲ್ಲಿ ಪ್ರಕಟಿಸಿದಾಗ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53, ಉಳಿದ ದೇಶಗಳವರಿಗೆ ಸುಮಾರು 59 ಎಂದು ಕಂಡಿತು. 53 ಸರಾಸರಿ ಎಂದರೆ ಎಷ್ಟೋ ಜನರಿಗೆ ಅದಕ್ಕಿಂತ ಮೊದಲೇ ಆಗಿದೆ ಎಂದರ್ಥ.

ಹೃದಯಾಘಾತವಲ್ಲದೆ, ಯುವಕರಲ್ಲೇ ಬರುವ ಬೇರೆ ಅಪಾಯಗಳೂ ಇವೆ. ಅವುಗಳಲ್ಲಿ ಕೆಲವು ಪಕ್ಕೆಲುಬಿನ ನೋವಿನ ವೇಷದಲ್ಲೇ ಬರುತ್ತವೆ, ಯಾಕೆಂದರೆ ಅವೂ ಉಸಿರೆಳೆದಾಗ ಚುಚ್ಚುತ್ತವೆ. ಹೃದಯದ ಹೊರಪೊರೆಯ ಉರಿಯೂತ ಮಲಗಿದಾಗ ಹೆಚ್ಚಾಗಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುತ್ತದೆ. ಎತ್ತರವಾಗಿ, ತೆಳ್ಳಗಿರುವ ಯುವಕರಲ್ಲಿ, ಅದರಲ್ಲೂ ಸೇದುವವರಲ್ಲಿ, ಶ್ವಾಸಕೋಶದಿಂದ ಗಾಳಿ ಸೋರಿ ಒಂದು ಬದಿ ಕುಗ್ಗಬಹುದು, ಆಗ ಒಮ್ಮೆಲೇ ನೋವೂ ಏದುಸಿರೂ ಬರುತ್ತವೆ. ಹೆರಿಗೆಯಾದ ಮೇಲೆ, ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ, ಕಾಲಿಗೆ ಪಟ್ಟಿ ಹಾಕಿ ವಾರಗಟ್ಟಲೆ ಮಲಗಿದ ಮೇಲೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಇವುಗಳಲ್ಲಿ ಯಾವುದನ್ನೂ ಎದೆ ಒತ್ತಿ ಇಲ್ಲವೆನ್ನಲು ಆಗುವುದಿಲ್ಲ. ಏದುಸಿರು ಇದ್ದರೆ ಅದು ಬರೀ ಪಕ್ಕೆಲುಬಿನ ನೋವು ಎಂದು ನೀವಾಗಿಯೇ ತೀರ್ಮಾನಿಸಬೇಡಿ.

"ಮಾತ್ರೆಗೆ ಕಡಿಮೆಯಾಯ್ತು, ಹಾಗಾದ್ರೆ ಹೃದಯ ಅಲ್ಲ"

ಒತ್ತುವ ಪರೀಕ್ಷೆಯ ಹಾಗೆಯೇ ಮನೆಮನೆಯಲ್ಲಿ ನಡೆಯುವ ಇನ್ನೊಂದು ಪರೀಕ್ಷೆ ಮಾತ್ರೆಯದ್ದು. ಗ್ಯಾಸ್ಟ್ರಿಕ್ ಮಾತ್ರೆಗೆ, ಸೋಡಾಕ್ಕೆ, ತೇಗು ಬಂದದ್ದಕ್ಕೆ ನೋವು ಇಳಿದರೆ ಅದು ಹೊಟ್ಟೆಯದ್ದು ಎಂದು ಮುಗಿಸುತ್ತೇವೆ. ಇದು ಒತ್ತುವ ಪರೀಕ್ಷೆಗಿಂತಲೂ ದುರ್ಬಲ. ಹೃದಯದ ನೋವು ಅಲೆಅಲೆಯಾಗಿ ಬಂದು ಹೋಗಬಹುದು. ಅದು ತಾನಾಗಿ ಇಳಿಯುವ ಹೊತ್ತಿಗೆ ಸರಿಯಾಗಿ ನಾವು ಮಾತ್ರೆ ನುಂಗಿರುತ್ತೇವೆ, ಹೆಸರು ಮಾತ್ರೆಗೆ ಬರುತ್ತದೆ. ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆಗೆ ನೋವು ಇಳಿದರೆ ಅದು ಖಂಡಿತ ಹೃದಯದ್ದೇ ಎನ್ನುವುದೂ ಹೀಗೇ ತಪ್ಪು. ಬೇರೆ ಕಾರಣದ ನೋವೂ ಅದಕ್ಕೆ ಇಳಿಯುತ್ತದೆ.

ಪಕ್ಕೆಲುಬಿನದ್ದೇ ಎಂದು ಗೊತ್ತಾದ ಮೇಲೆ

ವೈದ್ಯರು ನೋಡಿ ಕಾಸ್ಟೋಕಾಂಡ್ರೈಟಿಸ್ ಎಂದರೆ ಚಿಕಿತ್ಸೆ ಸರಳ. ನೋವು ತರುವ ಕೆಲಸವನ್ನು ಕೆಲವು ವಾರ ಕಡಿಮೆ ಮಾಡಬೇಕು. ಜಿಮ್‌ಗೆ ಹೋಗುವವರು ಬೆಂಚ್ ಪ್ರೆಸ್, ಪುಷ್‌ಅಪ್ ಬಿಟ್ಟು ನಡಿಗೆ ಇಟ್ಟುಕೊಳ್ಳಬಹುದು. ಬಟ್ಟೆ ಸುತ್ತಿದ ಬಿಸಿನೀರಿನ ಬ್ಯಾಗಿನಿಂದ ಶಾಖ ಕೊಟ್ಟರೆ ಹಿತ. ಕೆಮ್ಮು ಉಳಿದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಪ್ರತಿ ಕೆಮ್ಮಿಗೂ ಕೂಡು ಮತ್ತೆ ಕೆಣಕುತ್ತದೆ. ನೋವಿಗೆ ಪ್ಯಾರಸಿಟಮಾಲ್ ಅಥವಾ ಕೆಲವು ದಿನಗಳ ಮಟ್ಟಿಗೆ ಐಬುಪ್ರೊಫೆನ್ ತರಹದ ಮಾತ್ರೆಯನ್ನು ವೈದ್ಯರು ಬರೆಯಬಹುದು. ಐಬುಪ್ರೊಫೆನ್ ತರಹದ್ದನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಡಿ. ಹೊಟ್ಟೆಯ ಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಕೇಳದೆ ನುಂಗಬಾರದು. ಜ್ವರವೂ ಇದ್ದರೆ ಡೆಂಗ್ಯೂ ಇಲ್ಲವೆಂದು ಗೊತ್ತಾಗುವವರೆಗೆ ಅದರ ತಂಟೆಗೇ ಹೋಗಬೇಡಿ, ರಕ್ತಸ್ರಾವದ ಅಪಾಯವಿದೆ.

ಇಲ್ಲಿ ಹೆಚ್ಚಿನವರು ಮಾಡುವ ಒಂದು ಕೆಲಸವಿದೆ. ನೋವು ಹೋಯಿತಾ ಎಂದು ದಿನಕ್ಕೆ ಹತ್ತು ಸಲ ಅದೇ ಜಾಗ ಒತ್ತಿ ನೋಡುವುದು. ಹಾಗೆ ಒತ್ತುವುದರಿಂದಲೇ ಆ ಜಾಗ ಕೆಣಕಿ ಇನ್ನಷ್ಟು ದಿನ ನೋಯುತ್ತದೆ, ನೋಯುತ್ತಿದೆ ಎಂದು ಹೆದರಿ ಮತ್ತೆ ಒತ್ತುತ್ತೇವೆ. ಕೈ ತೆಗೆದರೆ ಅರ್ಧ ಚಿಕಿತ್ಸೆಯಾದಂತೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ, ಹೋಗಿ ಮತ್ತೆ ಬರುವುದೂ ಉಂಟು. ಮತ್ತೆ ಬಂದ ಮಾತ್ರಕ್ಕೆ ಅದು ಹೃದಯಕ್ಕೆ ತಿರುಗಿದೆ ಎಂದಲ್ಲ. ಆದರೆ ಹೊಸ ನೋವು ಹಳೆಯದರಂತಿಲ್ಲದಿದ್ದರೆ, ಹೋದ ಸಲದ ಹೆಸರನ್ನು ಈ ಸಲಕ್ಕೆ ಅಂಟಿಸಬೇಡಿ.

ಜಾಗದಲ್ಲಿ ಊತ ಅಥವಾ ಕೆಂಪು ಕಂಡರೆ, ಜ್ವರ ಬಂದರೆ, ಒಂದೇ ಬದಿಯಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದರೆ ಅದು ಬೇರೆ ಕಾಯಿಲೆ. ಗುಳ್ಳೆಯದ್ದು ಸರ್ಪಸುತ್ತು ಇರಬಹುದು. ಅದರ ನೋವು ಗುಳ್ಳೆ ಏಳುವ ಕೆಲವು ದಿನ ಮೊದಲೇ ಶುರುವಾಗಿ ಪಕ್ಕೆಲುಬಿನ ನೋವೆಂದು ಮೋಸ ಮಾಡುತ್ತದೆ.

ಹಾಗಾದರೆ ಎದೆ ನೋವು ಬಂದಾಗ ಯಾವುದು ಮೊದಲು?

ಒತ್ತಿ ನೋಡುವುದು ತಪ್ಪಲ್ಲ, ಆದರೆ ಅದು ಕೊನೆಯ ಹೆಜ್ಜೆ. ಮೊದಲ ಹೆಜ್ಜೆ ಅಪಾಯದ ಗುರುತುಗಳನ್ನು ನೋಡುವುದು. ಅವುಗಳಲ್ಲಿ ಒಂದಿದ್ದರೂ ಒತ್ತಿದಾಗ ನೋವಾಯಿತೋ ಇಲ್ಲವೋ ಎನ್ನುವ ಪ್ರಶ್ನೆಗೇ ಜಾಗವಿಲ್ಲ. 108ಕ್ಕೆ ಕರೆ ಮಾಡಿ, ಇಲ್ಲವೇ ಇಸಿಜಿ ಸೌಲಭ್ಯ ಇರುವ ಹತ್ತಿರದ ಆಸ್ಪತ್ರೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದು ದಾರಿಯಲ್ಲಿ ಎರಡು ಗಂಟೆ ಕಳೆಯಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸುವ, ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡು ಇದೆ.

ಅಪಾಯದ ಗುರುತು ಒಂದೂ ಇಲ್ಲದೆ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಮೈ ಅಲುಗಿಸಿದಾಗ ಮಾತ್ರ ನೋಯುತ್ತಿದ್ದರೆ ಮಧ್ಯರಾತ್ರಿ ಓಡಬೇಕಿಲ್ಲ. ಆದರೂ ಮೊದಲ ಸಲ ಬಂದ ಎದೆ ನೋವನ್ನು ಮಾರನೆಯ ದಿನ ವೈದ್ಯರಿಗೆ ಒಮ್ಮೆ ತೋರಿಸಿ. ಕಾಸ್ಟೋಕಾಂಡ್ರೈಟಿಸ್ ಎನ್ನುವುದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಇಲ್ಲ. ಬೇರೆಯದ್ದಲ್ಲ ಎಂದು ತಿಳಿದ ಮೇಲೆ ಕೊಡುವ ಹೆಸರು ಅದು.

ಹಳೆಯ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಇಷ್ಟನ್ನು ನಕಲು ಮಾಡಿ ಹಾಕಬಹುದು:

*ಎದೆ ಒತ್ತಿದಾಗ ನೋವಾದರೆ ಪಕ್ಕೆಲುಬಿನ ನೋವು ಇರುವ ಸಾಧ್ಯತೆ ಹೆಚ್ಚು, ಆದರೆ ಹೃದಯದ್ದು ಅಲ್ಲವೇ ಅಲ್ಲ ಎಂದಲ್ಲ. ಎದೆ ಬಿಗಿತ ಅಥವಾ ಭಾರ, ತಣ್ಣನೆ ಬೆವರು, ಏದುಸಿರು, ತಲೆ ಸುತ್ತಿ ಬೀಳುವುದು, ತೋಳು, ದವಡೆ ಅಥವಾ ಬೆನ್ನಿಗೆ ಹಬ್ಬುವ ನೋವು, ನಡೆದರೆ ಹೆಚ್ಚಾಗುವ ನೋವು, ಇವುಗಳಲ್ಲಿ ಒಂದಿದ್ದರೂ ಒತ್ತಿ ನೋಡುತ್ತ ಕೂರಬೇಡಿ. ವಯಸ್ಸು ಎಷ್ಟೇ ಇರಲಿ, ಹೊರಡಿ. ಮೊದಲ ಇಸಿಜಿ ಸರಿ ಬಂದರೂ ವೈದ್ಯರು ಕಾಯಿರಿ ಎಂದರೆ ಕಾಯಿರಿ.*